ಕತ್ತಲಿಗೆ ಕಣ್ಣು ಒಗ್ಗಲು ಅರ್ಧ ಗಂಟೆ ಏಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಸಿಲಿನಿಂದ ಮ್ಯಾಟಿನಿ ಶೋಗೆ ಒಳಹೊಕ್ಕರೆ ಸೀಟೇ ಕಾಣುವುದಿಲ್ಲ. ಕಣ್ಣಿನ ಪಾಪೆ ಹಿಗ್ಗಲು ಅಷ್ಟು ಹೊತ್ತು ಹಿಡಿಯುತ್ತದೆಯೇ?

ಹೆಚ್ಚಿನವರು ಹಾಗೆಂದುಕೊಂಡಿದ್ದಾರೆ, ಆದರೆ ಲೆಕ್ಕ ಹೊಂದುವುದಿಲ್ಲ. ಬಿಸಿಲಿನಲ್ಲಿ ಪಾಪೆಯ ಅಗಲ ಸುಮಾರು 2 ಮಿಲಿಮೀಟರ್, ಗಾಢ ಕತ್ತಲಲ್ಲಿ ಹೆಚ್ಚೆಂದರೆ 8 ಮಿಲಿಮೀಟರ್. ವಿಸ್ತೀರ್ಣದ ಲೆಕ್ಕದಲ್ಲಿ ಒಳಗೆ ಬರುವ ಬೆಳಕು 16 ಪಟ್ಟು ಹೆಚ್ಚುತ್ತದೆ, ಅಷ್ಟೇ. ಕತ್ತಲಲ್ಲಿ ಅರ್ಧ ಗಂಟೆ ಕುಳಿತ ಕಣ್ಣಿನ ಸೂಕ್ಷ್ಮತೆಯಾದರೋ ಲಕ್ಷಪಟ್ಟಿಗೂ ಮೀರಿ ಏರಿರುತ್ತದೆ. ಅಲ್ಲದೆ ಪಾಪೆಯ ಕೆಲಸ ಬಹುಪಾಲು ಮೊದಲ ಒಂದೆರಡು ನಿಮಿಷದಲ್ಲೇ ಮುಗಿದುಹೋಗುತ್ತದೆ.

ನಂಬಿಕೆ ಬಾರದಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ರಾತ್ರಿ ದೀಪ ಉರಿಯುತ್ತಿರುವ ಕೋಣೆಯಲ್ಲಿ ಒಂದು ಕಣ್ಣಿಗೆ ದಪ್ಪನೆಯ ಕಪ್ಪು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿಕೊಳ್ಳಿ. ರೆಪ್ಪೆ ಮುಚ್ಚಿದರೆ ಮಾತ್ರ ಸಾಲದು, ಅದರ ಮೂಲಕವೂ ಬೆಳಕು ಒಳಗೆ ನುಸುಳುತ್ತದೆ. ಅರ್ಧ ಗಂಟೆ ಬಿಟ್ಟು ದೀಪ ಆರಿಸಿ, ಬಾಗಿಲ ಸಂದಿಯಿಂದ ಒಂದಿಷ್ಟು ಮಸುಕು ಬೆಳಕು ಬರುವಷ್ಟು ಕತ್ತಲು ಮಾಡಿ ಬಟ್ಟೆ ತೆಗೆಯಿರಿ. ಈಗ ಕಣ್ಣುಗಳನ್ನು ಒಂದಾದ ಮೇಲೊಂದು ಮುಚ್ಚಿ ನೋಡಿ. ಬಟ್ಟೆ ಕಟ್ಟಿದ್ದ ಕಣ್ಣಿಗೆ ಮಂಚದ ಅಂಚು, ಬಾಗಿಲ ಚೌಕಟ್ಟು, ಗೂಟಕ್ಕೆ ನೇತುಹಾಕಿದ ಅಂಗಿ ಕಾಣುತ್ತದೆ. ಇನ್ನೊಂದು ಕಣ್ಣಿಗೆ ಬರೀ ಕಪ್ಪು.

ಎರಡೂ ಪಾಪೆಗಳು ಯಾವಾಗಲೂ ಜೊತೆಯಾಗಿಯೇ ಹಿಗ್ಗಿ ಕುಗ್ಗುತ್ತವೆ. ಒಂದು ಕಣ್ಣಿಗೆ ಬೆಳಕು ಬಿದ್ದರೂ ಎರಡೂ ಕಿರಿದಾಗುತ್ತವೆ. ಈ ಪರೀಕ್ಷೆಯಲ್ಲೂ ಎರಡರ ಅಗಲ ಒಂದೇ ಇತ್ತು, ಕಾಣುವುದರಲ್ಲಿ ಮಾತ್ರ ಅಜಗಜಾಂತರ. ಅಂದಮೇಲೆ ತಡ ಆಗುತ್ತಿರುವುದು ಪಾಪೆಯಲ್ಲಲ್ಲ, ಆಯಾ ಕಣ್ಣಿನ ಹಿಂಭಾಗದ ಒಳಪದರವಾದ ರೆಟಿನಾದಲ್ಲಿ.

ರಾಡ್ ಮತ್ತು ಕೋನ್ ಎಂದರೇನು?

ರೆಟಿನಾದಲ್ಲಿ ಬೆಳಕನ್ನು ಹಿಡಿಯುವ ಎರಡು ಬಗೆಯ ಕೋಶಗಳು. ಕೋನ್‌ಗಳು 50–60 ಲಕ್ಷ ಇವೆ. ಹಗಲಿನ ನೋಟ, ಬಣ್ಣ, ಓದು ಎಲ್ಲ ಇವುಗಳದ್ದೇ. ರಾಡ್‌ಗಳು ಸುಮಾರು 9ರಿಂದ 12 ಕೋಟಿ. ಇವಕ್ಕೆ ಬಣ್ಣ ಗೊತ್ತಾಗುವುದಿಲ್ಲ, ಹಗಲಿನ ಬೆಳಕಿನಲ್ಲಿ ಉಪಯೋಗಕ್ಕೂ ಬರುವುದಿಲ್ಲ, ಆದರೆ ನಕ್ಷತ್ರದ ಬೆಳಕಿನಲ್ಲಿ ದಾರಿ ತೋರಿಸುವುದು ಇವೇ.

ಬೆಳಕು ರಾಡ್‌ಗೆ ಬಿದ್ದಾಗ ಒಳಗೆ ಏನಾಗುತ್ತದೆ?

ರಾಡ್‌ನ ಹೊರತುದಿಯಲ್ಲಿ ನಾಣ್ಯಗಳನ್ನು ಪೇರಿಸಿಟ್ಟಂತೆ ಸುಮಾರು ಸಾವಿರ ತೆಳು ಬಿಲ್ಲೆಗಳಿವೆ. ಆ ಬಿಲ್ಲೆಗಳ ತುಂಬ ರೊಡಾಪ್ಸಿನ್ ಎಂಬ ವರ್ಣದ್ರವ್ಯ. ಒಂದು ರಾಡ್‌ನಲ್ಲಿ ಅದರ ಅಣುಗಳು ಸುಮಾರು 10 ಕೋಟಿ. ಪ್ರತಿ ಅಣುವಿಗೂ ಎರಡು ಭಾಗ: ಆಪ್ಸಿನ್ ಎಂಬ ಪ್ರೋಟೀನು, ಅದರ ಹೊಟ್ಟೆಯಲ್ಲಿ ಸಿಕ್ಕಿಸಿಟ್ಟ ರೆಟಿನಲ್ ಎಂಬ ಪುಟ್ಟ ಅಣು. ರೆಟಿನಲ್ ತಯಾರಾಗುವುದು ವಿಟಮಿನ್ ಎ ಯಿಂದ.

ಕತ್ತಲಲ್ಲಿ ಈ ರೆಟಿನಲ್ ಮಂಡಿ ಮಡಚಿದಂತೆ ಬಾಗಿರುತ್ತದೆ. ಒಂದು ಫೋಟಾನ್, ಅಂದರೆ ಬೆಳಕಿನ ಒಂದೇ ಒಂದು ಕಣ, ತಾಗಿದರೆ ಸಾಕು, ನೆಟ್ಟಗಾಗಿಬಿಡುತ್ತದೆ. ಇದಕ್ಕೆ ಹಿಡಿಯುವ ಸಮಯ ಸುಮಾರು 200 ಫೆಮ್ಟೊಸೆಕೆಂಡ್. ಒಂದು ಸೆಕೆಂಡನ್ನು ಲಕ್ಷ ಕೋಟಿ ಚೂರು ಮಾಡಿದರೆ ಆಗುವುದು ಒಂದು ಪೈಕೋಸೆಕೆಂಡ್, ಇದು ಅದರ ಐದನೇ ಒಂದು ಭಾಗ ಮಾತ್ರ. ಇಡೀ ನೋಟದಲ್ಲಿ ಬೆಳಕು ನೇರವಾಗಿ ಮಾಡುವ ಕೆಲಸ ಇದೊಂದೇ. ಮುಂದಿನದೆಲ್ಲ ರಸಾಯನ ಕ್ರಿಯೆ.

ಒಳಗಿನ ರೆಟಿನಲ್ ನೆಟ್ಟಗಾದದ್ದರಿಂದ ಆಪ್ಸಿನ್‌ನ ಆಕಾರ ಬದಲಾಗಿ ಅದು ಚುರುಕಾಗುತ್ತದೆ. ಚುರುಕಾದ ಒಂದು ಅಣು ಪಕ್ಕದ ಟ್ರಾನ್ಸ್‌ಡ್ಯೂಸಿನ್ ಎಂಬ ಪ್ರೋಟೀನಿನ ಹತ್ತಾರು ಅಣುಗಳನ್ನು ಎಬ್ಬಿಸುತ್ತದೆ. ಎದ್ದ ಟ್ರಾನ್ಸ್‌ಡ್ಯೂಸಿನ್ ಫಾಸ್ಫೋಡೈಎಸ್ಟರೇಸ್ ಎಂಬ ಕಿಣ್ವವನ್ನು ಚಾಲೂ ಮಾಡುತ್ತದೆ. ಈ ಕಿಣ್ವಕ್ಕೆ ಗೊತ್ತಿರುವುದು ಸಿಜಿಎಂಪಿ ಎಂಬ ಅಣುಗಳನ್ನು ಕತ್ತರಿಸುವುದು. ಅದನ್ನು ಸಾವಿರಗಟ್ಟಲೆ ಮಾಡುತ್ತದೆ. ರಾಡ್‌ನ ಹೊರಪೊರೆಯಲ್ಲಿರುವ ಸೋಡಿಯಂ, ಕ್ಯಾಲ್ಸಿಯಂ ಬಾಗಿಲುಗಳನ್ನು ತೆರೆದು ಹಿಡಿದಿದ್ದದ್ದು ಈ ಸಿಜಿಎಂಪಿಯೇ. ಅದು ಕಡಿಮೆಯಾದಾಗ ಬಾಗಿಲು ಮುಚ್ಚುತ್ತವೆ, ಒಳಹರಿವು ಇಳಿಯುತ್ತದೆ, ಕೋಶದ ವೋಲ್ಟೇಜ್ ಕೆಳಗಿಳಿಯುತ್ತದೆ. ಒಂದೇ ಫೋಟಾನಿಗೆ ಸುಮಾರು 1 ಮಿಲಿವೋಲ್ಟ್ ಇಳಿತ. ಕಣ ಒಂದು, ಅದರ ಸದ್ದು ಇಡೀ ಕೋಶಕ್ಕೆ ಕೇಳಿಸುತ್ತದೆ.

ಇದು ಎಷ್ಟು ಸೂಕ್ಷ್ಮ ಎಂಬುದನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹೆಕ್ಟ್, ಶ್ಲೇರ್ ಮತ್ತು ಪಿರೆನ್ 1942ರಲ್ಲಿ ತೋರಿಸಿದರು. ಕತ್ತಲಲ್ಲಿ ಬೆಳಕಿನ ಒಂದು ಮಿನುಗು ಕಂಡಿತು ಎನ್ನಲು ಕಣ್ಣಿನ ಮುಂದೆ 54ರಿಂದ 148 ಫೋಟಾನ್ ಬೇಕಾದವು. ದಾರಿಯಲ್ಲಿ ಕಳೆದುಹೋದವನ್ನು ತೆಗೆದರೆ ರಾಡ್‌ಗಳು ಹೀರಿದ್ದು ಬರೀ ಐದರಿಂದ ಹದಿನಾಲ್ಕು. ಅಂಥ ನೋಟ ಬರಬೇಕಾದರೆ ಪರೀಕ್ಷೆಗೆ ಮುಂಚೆ ಕತ್ತಲಲ್ಲಿ ಕೂರಬೇಕಾಗಿತ್ತು ಎಂಬುದನ್ನೂ ಮರೆಯಬಾರದು.

ಅಂದರೆ ಬೆಳಕು ಬಿದ್ದಾಗ ರಾಡ್ ಚುರುಕಾಗುತ್ತದೆ, ಕತ್ತಲಲ್ಲಿ ಸುಮ್ಮನಿರುತ್ತದೆ ತಾನೆ?

ತಿರುಗುಮುರುಗು. ಕತ್ತಲಲ್ಲಿಯೇ ಬಾಗಿಲುಗಳು ತೆರೆದಿರುತ್ತವೆ, ವಿದ್ಯುತ್ ಪ್ರವಾಹ ಹರಿಯುತ್ತಲೇ ಇರುತ್ತದೆ, ವೋಲ್ಟೇಜ್ ಸುಮಾರು −40 ಮಿಲಿವೋಲ್ಟಿನಲ್ಲಿ ನಿಂತಿರುತ್ತದೆ, ಗ್ಲುಟಮೇಟ್ ಎಂಬ ಸಂದೇಶವಾಹಕ ಒಂದೇ ಸಮನೆ ಸುರಿಯುತ್ತಿರುತ್ತದೆ. ಬೆಳಕು ಬಂದರೆ ಇದೆಲ್ಲ ಕಡಿಮೆಯಾಗುತ್ತದೆ. ಮುಂದಿನ ಕೋಶಗಳು ಆ ಕಡಿತವನ್ನೇ ಸುದ್ದಿಯಾಗಿ ಓದಿಕೊಳ್ಳುತ್ತವೆ. ಒಳಬಂದ ಸೋಡಿಯಂ ಅನ್ನು ಹೊರಗೆ ಪಂಪ್ ಮಾಡುತ್ತಲೇ ಇರಬೇಕಾದ್ದರಿಂದ ರಾಡ್‌ಗೆ ಹೆಚ್ಚು ಶಕ್ತಿ ಖರ್ಚಾಗುವುದೂ ಕತ್ತಲಲ್ಲೇ.

ಕ್ಯಾಮೆರಾ ಫ್ಲ್ಯಾಶಿನ ನಂತರ ಸ್ವಲ್ಪ ಹೊತ್ತಿಗೇ ಸರಿಹೋಗುತ್ತೇವೆ. ಹಾಗಿದ್ದರೆ ಬಿಸಿಲಿನ ನಂತರ ಮಾತ್ರ ಅರ್ಧ ಗಂಟೆ ಏಕೆ?

ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಅವನ್ನು ಒಂದೇ ಎಂದುಕೊಂಡಾಗ ಗೊಂದಲ ಶುರುವಾಗುತ್ತದೆ.

ಮೊದಲನೆಯದು ನಿಲ್ಲಿಸುವುದು. ಚುರುಕಾದ ರೊಡಾಪ್ಸಿನ್‌ಗೆ ಒಂದು ಕಿಣ್ವ ಫಾಸ್ಫೇಟ್ ಅಂಟಿಸುತ್ತದೆ, ಅದರ ಮೇಲೆ ಅರೆಸ್ಟಿನ್ ಎಂಬ ಪ್ರೋಟೀನು ಮುಚ್ಚಳದಂತೆ ಕೂರುತ್ತದೆ. ಟ್ರಾನ್ಸ್‌ಡ್ಯೂಸಿನ್ ತಣ್ಣಗಾಗುತ್ತದೆ. ಒಳಗೆ ಕ್ಯಾಲ್ಸಿಯಂ ಕಡಿಮೆಯಾಗಿರುವುದರಿಂದ ಸಿಜಿಎಂಪಿ ತಯಾರಿ ಜೋರಾಗಿ ಬಾಗಿಲುಗಳು ಮತ್ತೆ ತೆರೆಯುತ್ತವೆ. ಮಂದ ಬೆಳಕಿಗಾದರೆ ಇಷ್ಟೂ ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ.

ಎರಡನೆಯದು ಮರುತುಂಬುವುದು. ನೆಟ್ಟಗಾದ ರೆಟಿನಲ್ ತಾನಾಗಿ ಮತ್ತೆ ಬಾಗುವುದಿಲ್ಲ. ಅದು ಆಪ್ಸಿನ್ನಿನಿಂದ ಕಳಚಿಕೊಳ್ಳುತ್ತದೆ, ವರ್ಣದ್ರವ್ಯದ ಬಣ್ಣ ಹೋಗುತ್ತದೆ. ಕಪ್ಪೆಯ ರೆಟಿನಾ ಬೆಳಕಿಗೆ ಬಿಳಿಚುವುದನ್ನು ಫ್ರಾಂಜ್ ಬೋಲ್ 1876ರಲ್ಲೇ ಕಂಡಿದ್ದ. ಕಳಚಿದ ರೆಟಿನಲ್ ಅನ್ನು ಬಾಗಿಸುವ ಕಾರ್ಖಾನೆ ರಾಡ್‌ನಲ್ಲಿ ಇಲ್ಲ, ರಾಡ್‌ಗಳ ಹಿಂದಿರುವ ಪದರದಲ್ಲಿದೆ. ಆ ಕಪ್ಪು ಪದರದ ಹೆಸರು ಆರ್‌ಪಿಇ. ಹಾಗಾಗಿ ರೆಟಿನಲ್ ಮೊದಲು ರಾಡ್‌ನಲ್ಲೇ ವಿಟಮಿನ್ ಎ ರೂಪಕ್ಕೆ ತಿರುಗಬೇಕು, ಕೋಶದಿಂದ ಹೊರಬಂದು ವಾಹಕ ಪ್ರೋಟೀನಿನ ಹೆಗಲೇರಿ ನಡುವಿನ ತೆರಪು ದಾಟಬೇಕು, ಆರ್‌ಪಿಇ ಒಳಗೆ ಕೊಬ್ಬಿನ ಆಮ್ಲವೊಂದಕ್ಕೆ ಕೂಡಿಕೊಳ್ಳಬೇಕು. ಆಮೇಲೆ ಆರ್‌ಪಿಇ65 ಎಂಬ ಕಿಣ್ವ ಅದನ್ನು ಬಾಗಿಸುತ್ತದೆ. ಇನ್ನೊಂದು ಕಿಣ್ವ ಅದನ್ನು ರೆಟಿನಲ್ ಮಾಡುತ್ತದೆ. ನಂತರ ಅದೇ ತೆರಪು ದಾಟಿ ವಾಪಸು ಬಂದು ಖಾಲಿ ಆಪ್ಸಿನ್ನಿನೊಳಗೆ ಕೂರಬೇಕು.

ಹೋಗಿದ್ದು ಸೆಕೆಂಡಿನ ಲಕ್ಷ ಕೋಟಿಯ ಒಂದು ಪಾಲಿಗೂ ಕಡಿಮೆ ಹೊತ್ತಿನಲ್ಲಿ, ಬರುವುದು ನಿಮಿಷಗಳಲ್ಲಿ. ಕೇಂಬ್ರಿಜ್‌ನ ರಶ್ಟನ್ ಜೀವಂತ ಮನುಷ್ಯರ ಕಣ್ಣಿಗೆ ಬೆಳಕು ಹಾಯಿಸಿ, ಹಿಂತಿರುಗಿದ ಬೆಳಕನ್ನು ಅಳೆದು ಇದನ್ನು ಲೆಕ್ಕ ಹಾಕಿದರು. ಬಿಳಿಚಿದ ರೊಡಾಪ್ಸಿನ್‌ನಲ್ಲಿ ಅರ್ಧ ಮರಳಲು ಸುಮಾರು 5 ನಿಮಿಷ ಹಿಡಿಯುತ್ತದೆ. ಫ್ಲ್ಯಾಶ್ ಕಣ್ಣಿಗೆ ಕುಕ್ಕಿದರೂ ಅದರ ಹೊತ್ತು ತೀರ ಕಡಿಮೆ, ತಾಗುವುದೂ ರೆಟಿನಾದ ಚಿಕ್ಕ ಜಾಗಕ್ಕೆ. ಬಿಸಿಲಿನಲ್ಲಿ ಬಿಳಿ ಗೋಡೆ, ಕಾಂಕ್ರೀಟು ರಸ್ತೆ ನೋಡುತ್ತ ಬಂದವರ ರಾಡ್‌ಗಳಲ್ಲಾದರೆ ಅರ್ಧಕ್ಕೂ ಹೆಚ್ಚು ರೊಡಾಪ್ಸಿನ್ ಬಿಳಿಚಿರುತ್ತದೆ.

ರಾಡ್‌ನಲ್ಲಿ 10 ಕೋಟಿ ಅಣುಗಳಿವೆ. ನೂರಕ್ಕೆ ತೊಂಬತ್ತು ಮರಳಿದರೆ ಶೇಕಡ 90ರಷ್ಟು ನೋಟ ಬರಬೇಕಲ್ಲವೇ?

ಬರಬೇಕು ಅನ್ನಿಸುತ್ತದೆ, ಬರುವುದಿಲ್ಲ. ಈ ವಿಷಯದ ಗಂಟು ಇರುವುದು ಇಲ್ಲೇ. ಹತ್ತನೇ ಒಂದು ಪಾಲು ಖಾಲಿಯಾದರೆ ಫೋಟಾನ್ ಹಿಡಿಯುವ ಅವಕಾಶ ಹತ್ತನೇ ಒಂದು ಪಾಲು ಕಡಿಮೆ ಆಗಬೇಕು, ಅದು ಯಾರಿಗೂ ಗೊತ್ತೇ ಆಗದು. ಆದರೆ ಅಳೆದು ನೋಡಿದರೆ ಆ ಹೊತ್ತಿಗೆ ರಾಡ್‌ನ ಸೂಕ್ಷ್ಮತೆ ನೂರು ಪಟ್ಟಿಗೂ ಮಿಕ್ಕಿ ಕುಸಿದಿರುತ್ತದೆ.

ಕಾರಣ ಖಾಲಿ ಆಪ್ಸಿನ್. ರೆಟಿನಲ್ ಕಳಚಿಹೋದ ಬರಿಯ ಆಪ್ಸಿನ್ ಪೂರ್ತಿ ತೆಪ್ಪಗಿರುವುದಿಲ್ಲ. ಬೆಳಕಿಲ್ಲದೆಯೂ ಅದು ಟ್ರಾನ್ಸ್‌ಡ್ಯೂಸಿನ್ ಅನ್ನು ಸಣ್ಣಗೆ ಚುಚ್ಚುತ್ತಲೇ ಇರುತ್ತದೆ. ಒಂದು ಅಣುವಿನ ಚುಚ್ಚುವಿಕೆ ಲೆಕ್ಕಕ್ಕಿಲ್ಲದಷ್ಟು ದುರ್ಬಲ, ಆದರೆ ಅಂಥವು ಲಕ್ಷಗಟ್ಟಲೆ, ಕೋಟಿಗಟ್ಟಲೆ ಇವೆ. ಮೊದಲ ಕೆಲವು ನಿಮಿಷಗಳಲ್ಲಿ ಇನ್ನೂ ಪೂರ್ತಿ ಕಳಚದ ಅರೆಬರೆ ಅಣುಗಳ ಗಲಾಟೆಯೂ ಸೇರಿಕೊಳ್ಳುತ್ತದೆ. ಒಟ್ಟಿನಲ್ಲಿ ಹೊರಗೆ ಗಾಢ ಕತ್ತಲಿದ್ದರೂ ರಾಡ್‌ನ ಒಳಗೆ ದೀಪ ಉರಿಯುತ್ತಿರುವ ಹಾಗೆಯೇ ಇರುತ್ತದೆ. ರಾಡ್ ಆ ಸುಳ್ಳು ಬೆಳಕಿಗೆ ಹೊಂದಿಕೊಂಡು ಮಂದವಾಗುತ್ತದೆ. ಪಕ್ಕದಲ್ಲಿ ಮಿಕ್ಸಿ ಓಡುತ್ತಿರುವಾಗ ಪಿಸುಮಾತು ಕೇಳಿಸಿಕೊಂಡಂತೆ ಅನ್ನಿ: ಕಿವಿಗೆ ಏನೂ ಆಗಿಲ್ಲ, ಸದ್ದು ನಿಲ್ಲಬೇಕು. ಈ ಸದ್ದು ನಿಲ್ಲಿಸುವ ಉಪಾಯ ಒಂದೇ, ಪ್ರತಿ ಆಪ್ಸಿನ್ನಿನ ಹೊಟ್ಟೆಗೂ ಬಾಗಿದ ರೆಟಿನಲ್ ಮತ್ತೆ ಹೋಗಿ ಕೂರಬೇಕು. ಅದಕ್ಕೇ ಕೊನೆಯ ನೂರರಲ್ಲೊಂದು ಪಾಲು ಮರಳುವ ತನಕ ಕಾಯಬೇಕಾಗುವುದು.

ನಿಮಿಷ ನಿಮಿಷಕ್ಕೆ ಏನಾಗುತ್ತದೆ ಹೇಳುತ್ತೀರಾ?

ರೊಡಾಪ್ಸಿನ್ ಬಹುಪಾಲು ಬಿಳಿಚಿದ ಕಣ್ಣು ಪೂರ್ತಿ ಕತ್ತಲಿಗೆ ಬಂತು ಎಂದಿಟ್ಟುಕೊಳ್ಳೋಣ. ಮೊದಲ 5ರಿಂದ 7 ನಿಮಿಷ ಕೋನ್‌ಗಳ ಚೇತರಿಕೆ. ನೋಟ ಬೇಗ ಸುಧಾರಿಸಿ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ರಾಡ್‌ಗಳೂ ಅಷ್ಟರಲ್ಲಿ ಚೇತರಿಸಿಕೊಳ್ಳುತ್ತಿರುತ್ತವೆ, ಆದರೆ ಇನ್ನೂ ಕೋನ್‌ಗಿಂತ ಹಿಂದಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. "ಇನ್ನು ಇಷ್ಟೇ" ಎಂದು ಜನ ಟಾರ್ಚ್ ಹಾಕಿಬಿಡುವುದು ಇದೇ ಹೊತ್ತಿಗೆ.

ಸುಮಾರು 10ನೇ ನಿಮಿಷಕ್ಕೆ ರಾಡ್‌ಗಳು ಕೋನ್‌ಗಳನ್ನು ಹಿಂದೆ ಹಾಕುತ್ತವೆ. ಕಾಣಲು ಬೇಕಾದ ಕನಿಷ್ಠ ಬೆಳಕಿನ ಗ್ರಾಫ್ ಬರೆದರೆ ಗೆರೆ ಇಲ್ಲಿ ಗಂಟು ಹಾಕಿದಂತೆ ತಿರುಗಿ ಮತ್ತೆ ಇಳಿಯತೊಡಗುತ್ತದೆ. ಅಲ್ಲಿಂದ ಮುಂದೆ ಸುಮಾರು ನಾಲ್ಕು ನಿಮಿಷಕ್ಕೊಮ್ಮೆ ಸೂಕ್ಷ್ಮತೆ ಹತ್ತು ಪಟ್ಟು ಏರುತ್ತದೆ. 14ಕ್ಕೆ ಹತ್ತು ಪಟ್ಟು, 18ಕ್ಕೆ ನೂರು, 22–23ಕ್ಕೆ ಸಾವಿರ. ಈ ವೇಗವನ್ನು ನಿಗದಿ ಮಾಡುವುದು ಆರ್‌ಪಿಇಯಿಂದ ರೆಟಿನಲ್ ಬರುವ ದರ. ಆಮೇಲೆ ವೇಗ ತಗ್ಗಿ, ಕೊನೆಯ ಸ್ವಲ್ಪ ಸುಧಾರಣೆ 40ನೇ ನಿಮಿಷದವರೆಗೂ ಎಳೆಯುತ್ತದೆ.

ಸಿನಿಮಾ ಮಂದಿರದಲ್ಲಿ ಅಷ್ಟು ಕಾಯಬೇಕಿಲ್ಲ. ಪರದೆಯ ಬೆಳಕು ಇರುವುದರಿಂದ ಕೋನ್‌ಗಳೇ ಸಾಕು. ಬಾಗಿಲ ಬಳಿ ಮೂರು ನಾಲ್ಕು ನಿಮಿಷ ನಿಂತರೆ ಮೆಟ್ಟಿಲು ಕಾಣುತ್ತದೆ.

ಕೋನ್‌ಗಳಿಗೆ ಮಾತ್ರ ಬೇಗ ಹೇಗೆ ಸಾಧ್ಯ?

ಕೋನ್‌ನ ವರ್ಣದ್ರವ್ಯ ರಾಡ್‌ನದಕ್ಕಿಂತ ಮೂರು ನಾಲ್ಕು ಪಟ್ಟು ಬೇಗ ಮರಳುತ್ತದೆ. ಅದರ ಖರ್ಚಾದ ಅಣುಗಳು ಬೇಗ ಕಳಚಿಕೊಳ್ಳುತ್ತವೆ, ಜೊತೆಗೆ ರೆಟಿನಾದೊಳಗಿನ ಮ್ಯುಲ್ಲರ್ ಕೋಶಗಳಿಂದಲೂ ಅದಕ್ಕೆ ಸರಬರಾಜು ಇದೆ. ಬೆಲೆ ತೆರುವುದು ಸೂಕ್ಷ್ಮತೆಯಲ್ಲಿ: ಒಂದು ಫೋಟಾನಿಗೆ ಕೋನ್ ಕೊಡುವ ಉತ್ತರ ತೀರ ಚಿಕ್ಕದು, ತೀರ ಚುಟುಕು. ಅದೇ ಗುಣದಿಂದ ನಡುಮಧ್ಯಾಹ್ನದ ಬಿಸಿಲಿನಲ್ಲೂ ಕೋನ್ ಕೆಲಸ ನಿಲ್ಲಿಸುವುದಿಲ್ಲ.

ಆಕಾಶ ನೋಡುವಾಗ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಅರ್ಧ ಗಂಟೆ ಕಾಯಬೇಕೇ?

ಇದು ಸ್ವಲ್ಪ ಉತ್ಪ್ರೇಕ್ಷೆ. ನಡುಮಟ್ಟದ ಹೊಳಪಿನ ಬಿಳಿ ಪರದೆಯನ್ನು ಹಿಗ್ಗಿದ ಪಾಪೆಯಿಂದ ಐದು ಸೆಕೆಂಡ್ ನೋಡಿದರೆ ಬಿಳಿಚುವುದು ನೂರರಲ್ಲಿ ಒಂದು ಪಾಲಿಗೂ ಕಡಿಮೆ ರೊಡಾಪ್ಸಿನ್. ಅದೂ ಪರದೆಯ ಬಿಂಬ ಬಿದ್ದ ಜಾಗದಲ್ಲಿ ಮಾತ್ರ. ಅಷ್ಟೇ ಖಾಲಿ ಆಪ್ಸಿನ್ ಕೂಡ ಮಸುಕಾದ ನಕ್ಷತ್ರಗಳನ್ನು ಅಳಿಸಲು ಸಾಕು, ಆದರೆ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ನಿಜವಾಗಿ ಹಾಳುಮಾಡುವುದು ಪದೇ ಪದೇ ನೋಡುವುದು, ಪೂರ್ತಿ ಹೊಳಪು, ಮತ್ತು ಎದುರಿಂದ ಬರುವ ಕಾರಿನ ಹೆಡ್‌ಲೈಟ್. ವಾಹನ ಬರುತ್ತಿದ್ದರೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಿ; ಒಂದು ಕಣ್ಣಿನ ಗಳಿಕೆ ಉಳಿಯುತ್ತದೆ.

ಕೆಂಪು ದೀಪ ನಿಜವಾಗಿಯೂ ಉಪಯೋಗವೇ?

ಉಪಯೋಗವೇ, ಆದರೆ ಮಂದವಾಗಿದ್ದರೆ ಮಾತ್ರ. ರೊಡಾಪ್ಸಿನ್ ಅತಿ ಹೆಚ್ಚು ಹೀರುವುದು 500 ನ್ಯಾನೋಮೀಟರ್ ಹತ್ತಿರದ ನೀಲಿಹಸಿರು ಬೆಳಕನ್ನು. 650 ನ್ಯಾನೋಮೀಟರಿನ ಕಡುಗೆಂಪಿಗೆ ರಾಡ್‌ನ ಸೂಕ್ಷ್ಮತೆ ಅದರ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ, ಕೋನ್‌ಗಳಿಗೆ ಹತ್ತನೇ ಒಂದು ಪಾಲು ಉಳಿದಿರುತ್ತದೆ. ಹಾಗಾಗಿ ನಕ್ಷೆಯನ್ನು ಕೋನ್‌ನಿಂದ ಓದಬಹುದು, ರಾಡ್‌ಗೆ ತಿಳಿಯದಂತೆ. ಬಿಳಿ ಟಾರ್ಚಿಗೆ ತೆಳು ಕೆಂಪು ಕಾಗದ ಸುತ್ತಿದರೆ ಹಳದಿ, ಹಸಿರು ಸೋರುತ್ತದೆ. ಕೆಂಪು ಎಲ್‌ಇಡಿ ಒಳ್ಳೆಯದು, ಓದಲು ಬೇಕಾದಷ್ಟೇ ಹೊಳಪಿನಲ್ಲಿ.

ಮಸುಕಾದ ನಕ್ಷತ್ರವನ್ನು ನೇರವಾಗಿ ನೋಡಿದರೆ ಮಾಯವಾಗುತ್ತದೆ. ಕಣ್ಣಿನ ದೋಷವೇ?

ಅಲ್ಲ. ನೇರವಾಗಿ ನೋಡಿದಾಗ ಬಿಂಬ ಬೀಳುವ ನಡುಬಿಂದುವಿನಲ್ಲಿ ಕೋನ್‌ಗಳಷ್ಟೇ ಇವೆ, ಒಂದೂ ರಾಡ್ ಇಲ್ಲ. ರಾಡ್‌ಗಳು ಅತಿ ದಟ್ಟವಾಗಿರುವುದು ಅಲ್ಲಿಂದ 20 ಡಿಗ್ರಿ ಆಚೆ. ನಕ್ಷತ್ರದ ಪಕ್ಕಕ್ಕೆ, ಕೈ ಚಾಚಿ ಹಿಡಿದ ಮುಷ್ಟಿಯ ಅಗಲದಷ್ಟು ಓರೆಯಾಗಿ ನೋಡಿ, ಮತ್ತೆ ಕಾಣಿಸಿಕೊಳ್ಳುತ್ತದೆ.

ಕ್ಯಾರೆಟ್ ತಿಂದರೆ ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆಯೇ?

ವಿಟಮಿನ್ ಎ ಕೊರತೆ ಇದ್ದವರಿಗೆ ಹೌದು. ಕೊರತೆಯಿದ್ದರೆ ಆಪ್ಸಿನ್ನಿಗೆ ತುಂಬಲು ರೆಟಿನಲ್ಲೇ ಸಿಗದು, ಇರುಳುಗುರುಡು ಬರುತ್ತದೆ. ಮಗು ಮುಸ್ಸಂಜೆಯಲ್ಲಿ ಎಡವುತ್ತದೆ, ತಟ್ಟೆ ತಡಕಾಡುತ್ತದೆ. ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಕಲೆ ಕಂಡರೆ ತಡಮಾಡಬಾರದು. ಮಕ್ಕಳಿಗೆ 9 ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್‌ನಂತೆ 5 ವರ್ಷದವರೆಗೆ ಸರ್ಕಾರದ ಕಡೆಯಿಂದ ಹಾಕುವ ವಿಟಮಿನ್ ಎ ದ್ರಾವಣ ಇದಕ್ಕಾಗಿಯೇ. ನುಗ್ಗೆಸೊಪ್ಪು, ಪಪ್ಪಾಯಿ, ಮೊಟ್ಟೆ ಕೂಡ ಒಳ್ಳೆಯವು. ಕೊರತೆ ಇಲ್ಲದವರು ಹೆಚ್ಚು ತಿಂದರೆ ನೋಟ ಹೆಚ್ಚುವುದಿಲ್ಲ. ಮಾತ್ರೆಗಳನ್ನು ತಾವೇ ನುಂಗುವುದಂತೂ ಬೇಡ: ವಿಟಮಿನ್ ಎ ಮಿತಿಮೀರಿದರೆ ಯಕೃತ್ತಿಗೆ ಹಾನಿ, ಬಸುರಿಯರಲ್ಲಿ ಮಗುವಿಗೂ ಹಾನಿ.

ಹೊಂದಿಕೊಳ್ಳಲು ಮಾಮೂಲಿಗಿಂತ ತುಂಬ ಹೊತ್ತು ಹಿಡಿಯುತ್ತಿದ್ದರೆ?

ವಯಸ್ಸಾದಂತೆ ಎಲ್ಲರಿಗೂ ತುಸು ನಿಧಾನವಾಗುತ್ತದೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಮರುತುಂಬುವ ಕಿಣ್ವಗಳನ್ನೇ ತಡೆಯುವುದರಿಂದ ಕೆಲವರಿಗೆ ರಾತ್ರಿ ಗಾಡಿ ಓಡಿಸುವುದು ಕಷ್ಟವಾಗುತ್ತದೆ. ಅದನ್ನು ಬರೆದುಕೊಟ್ಟ ವೈದ್ಯರಿಗೆ ತಿಳಿಸಬೇಕು. ಹುಟ್ಟಿನಿಂದ ಬರುವ ತೊಂದರೆಗಳಲ್ಲಿ ಯಾವ ಹಂತ ಕೆಟ್ಟಿದೆ ಎಂಬುದರ ಮೇಲೆ ಲಕ್ಷಣ ಬೇರೆಯಾಗುತ್ತದೆ. ಅರೆಸ್ಟಿನ್ ಕೆಟ್ಟರೆ ನಿಲ್ಲಿಸುವ ಕೆಲಸ ಕೆಡುತ್ತದೆ: ಅದು 1907ರಲ್ಲಿ ಜಪಾನಿನ ಒಗುಚಿ ವಿವರಿಸಿದ ಕಾಯಿಲೆ. ಆರ್‌ಪಿಇಯಲ್ಲಿನ ಕೊನೆಯ ಕಿಣ್ವ ಕೆಟ್ಟರೆ ರಾಡ್‌ಗಳು ಮರಳುತ್ತವೆ, ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಆರ್‌ಪಿಇ65 ಕೆಟ್ಟರೆ ಎಳವೆಯಲ್ಲೇ ದೃಷ್ಟಿ ತೀರ ಕುಂದುತ್ತದೆ. ಅದಕ್ಕೆ 2017ರಲ್ಲಿ ಅಮೆರಿಕದಲ್ಲಿ ಜೀನ್ ಚಿಕಿತ್ಸೆಗೆ ಅನುಮತಿ ಸಿಕ್ಕಿತು.

ತಡವಾಗಿಯಾದರೂ ಪೂರ್ತಿ ಮರಳುತ್ತದೆಯೇ, ಅಥವಾ ಎಷ್ಟು ಹೊತ್ತು ಕೂತರೂ ಮರಳುವುದಿಲ್ಲವೇ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಿದರೆ ಅವರ ಅರ್ಧ ಕೆಲಸ ಆದಂತೆ. ಎಷ್ಟು ಕೂತರೂ ಮರಳದೆ, ಜೊತೆಗೆ ಅಕ್ಕಪಕ್ಕದ ನೋಟವೂ ಕಿರಿದಾಗುತ್ತಿದ್ದರೆ ರಾಡ್‌ಗಳೇ ಸಾಯುತ್ತಿರುವ ರೆಟಿನೈಟಿಸ್ ಪಿಗ್ಮೆಂಟೋಸದಂಥ ಕಾಯಿಲೆಯನ್ನು ಪರೀಕ್ಷಿಸುತ್ತಾರೆ.

ಇಆರ್‌ಜಿ ಪರೀಕ್ಷೆಗೆ ಮುಂಚೆ ಕತ್ತಲೆ ಕೋಣೆಯಲ್ಲಿ ಕೂರಿಸಿದರು. ಅದು ಬೇಕೇ ಬೇಕೇ?

ಬೇಕೇ ಬೇಕು. ರೆಟಿನಾದ ವಿದ್ಯುತ್ ಉತ್ತರವನ್ನು ಅಳೆಯುವ ಈ ಪರೀಕ್ಷೆಯ ರಾಡ್ ಭಾಗಕ್ಕೆ ಕನಿಷ್ಠ 20 ನಿಮಿಷದ ಕತ್ತಲು ಅಂತರರಾಷ್ಟ್ರೀಯ ನಿಯಮ. ಹೊತ್ತು ಉಳಿಸಲು ಅದನ್ನು ಮೊಟಕು ಮಾಡಿದರೆ, ಅಥವಾ ನಡುವೆ ಯಾರೋ ಬಾಗಿಲು ತೆರೆದು ದೀಪ ಹಾಕಿದರೆ, ಆರೋಗ್ಯವಂತ ಕಣ್ಣಿನ ಅಲೆಯೂ ಚಿಕ್ಕದಾಗಿ ಬಂದು ರಾಡ್ ಕಾಯಿಲೆಯಂತೆ ಕಾಣುತ್ತದೆ. ಅದೇ ದಿನ ಫ್ಲ್ಯಾಶ್ ಹಾಕಿ ಕಣ್ಣಿನ ಹಿಂಭಾಗದ ಫೋಟೊ ತೆಗೆಯುವುದಿದ್ದರೆ ಅದನ್ನು ಇಆರ್‌ಜಿ ಆದಮೇಲೆ ತೆಗೆಯಲು ಕೇಳಿಕೊಳ್ಳಿ. ಮೊದಲೇ ತೆಗೆದಾಗಿದ್ದರೆ, ಕತ್ತಲಲ್ಲಿ ಕೂರುವ ಮುಂಚೆ ಸಾಧಾರಣ ಬೆಳಕಿನ ಕೋಣೆಯಲ್ಲಿ ಇನ್ನೂ ಅರ್ಧ ಗಂಟೆ ಕಳೆಯಬೇಕು. ಕಾಯುವಾಗ ಮೊಬೈಲನ್ನು ಜೊತೆಗೆ ಬಂದವರ ಕೈಗೆ ಕೊಟ್ಟುಬಿಡಿ.